ರಷ್ಯನ್‌ನಲ್ಲೂ ‘ಅವಳು ಟೀಚರ್’ ಅಷ್ಟೇ

“ಕ್ರಿಯಾಪದವೇ ಇಲ್ಲ ಅಂದ್ರೆ ಈಗಿನ ಮಾತೋ ಹಿಂದಿನದೋ ಅಂತ ಹೇಗೆ ಗೊತ್ತಾಗುತ್ತೆ?”

ರಷ್ಯನ್ನರು ‘ಅವಳು ಟೀಚರ್’ ಅನ್ನುವಾಗ ‘ಆಗಿದ್ದಾಳೆ’ ಅನ್ನುವಂಥ ಕ್ರಿಯಾಪದ ಬಿಟ್ಟುಬಿಡುತ್ತಾರೆ ಅಂದರೆ ಏಳುವ ಪ್ರಶ್ನೆ ಇದು. ಆದರೆ ಅದು ಬಿಟ್ಟುಹೋಗುವುದು ವರ್ತಮಾನದಲ್ಲಿ ಮಾತ್ರ. ರಷ್ಯನ್‌ನಲ್ಲಿ ‘ಅನಾ ಉಚೀತೆಲ್‌ನಿತ್ಸಾ’ ಅಂದರೆ ‘ಅವಳು ಟೀಚರ್’. ಎರಡೇ ಪದ. ಹಿಂದಿನ ಮಾತಾದರೆ ‘ಅನಾ ಬಿಲಾ ಉಚೀತೆಲ್‌ನಿತ್ಸೆಯ್’. ‘ಬಿಲಾ’ ಅನ್ನುವ ಕ್ರಿಯಾಪದ ಬಂತು, ಜೊತೆಗೆ ಟೀಚರ್ ಪದದ ವಿಭಕ್ತಿಯೂ ಬದಲಾಯಿತು. ಮುಂದಿನದಕ್ಕೆ ‘ಬೂದೆತ್’ ಬರುತ್ತದೆ. ಹಾಗಾಗಿ ಕ್ರಿಯಾಪದ ಕಾಣದಿದ್ದರೆ ಅದು ಈಗಿನ ಮಾತು ಅಂತಲೇ ಅರ್ಥ. ಗೊಂದಲಕ್ಕೆ ಜಾಗವೇ ಇಲ್ಲ.

ನಮ್ಮಲ್ಲೂ ಹಾಗೇ ಅಲ್ವಾ? ‘ಅವಳು ಟೀಚರ್’, ‘ಅವಳು ಟೀಚರ್ ಆಗಿದ್ದಳು’. ಈಚೆಗೆ ಜಾಸ್ತಿ ಕೇಳುವ ‘ಅವಳು ಟೀಚರ್ ಆಗಿದ್ದಾಳೆ’ ತಪ್ಪಲ್ಲ, ಆದರೆ ಎಷ್ಟೋ ಸಲ ಇಂಗ್ಲಿಷ್ ನೋಡಿ ಸುಮ್ನೆ ಸೇರಿಸಿದ್ದು ಅನಿಸುತ್ತದೆ.

ಎರಡು ಭಾಷೆಗಳೂ ಬೇರೆಯಾಗುವುದು ಜಾಗ ಹೇಳುವಾಗ. ರಷ್ಯನ್ನರು ‘ಅನಾ ದೋಮಾ’ ಅಂದು ಸುಮ್ಮನಾಗುತ್ತಾರೆ, ಅಂದರೆ ‘ಅವಳು ಮನೆಯಲ್ಲಿ’. ನಮಗೆ ಅದು ಅರ್ಧ ವಾಕ್ಯ. ‘ಮನೆಯಲ್ಲಿದ್ದಾಳೆ’ ಅನ್ನಲೇಬೇಕು. ಅಲ್ಲಗಳೆಯುವಾಗಲೂ ಅಷ್ಟೇ: ಅವರು ‘ನೆ’ ಅನ್ನುವ ಚಿಕ್ಕ ಪದವನ್ನು ನಡುವೆ ಇಡುತ್ತಾರೆ. ನಾವು ಕೊನೆಗೆ ‘ಅಲ್ಲ’ ಹಾಕುತ್ತೇವೆ, ‘ಅವಳು ಟೀಚರ್ ಅಲ್ಲ’. ಆದರೆ ಜಾಗದ ಮಾತಿಗೆ ‘ಇಲ್ಲ’, ‘ಅವಳು ಮನೆಯಲ್ಲಿ ಇಲ್ಲ’.