ಬರಲೇ ಇಲ್ಲ

ಸೋಮವಾರ ಹನ್ನೊಂದು ಗಂಟೆಗೆ ಮೇಷ್ಟ್ರು ನನ್ನ ಹಲ್ಲಿನ ಕ್ಲಿನಿಕ್ಕಿಗೆ ಬರಬೇಕಿತ್ತು. ಹನ್ನೊಂದಕ್ಕೆ ಕೈಗವಸು ತೊಟ್ಟು ಕುಳಿತೆ. ಹನ್ನೊಂದೂವರೆಗೆ ಅದನ್ನು ಬಿಚ್ಚಿ ಕಸದ ಬುಟ್ಟಿಗೆ ಹಾಕಿದೆ. ಉಗಿಯಲ್ಲಿ ಬೇಯಿಸಿ ಕಾಗದದ ಚೀಲದಲ್ಲಿ ಮುಚ್ಚಿಟ್ಟಿದ್ದ ಉಪಕರಣಗಳನ್ನು ಆಗಲೇ ತೆರೆದಾಗಿತ್ತು. ಒಮ್ಮೆ ತೆರೆದರೆ, ಯಾರ ಬಾಯಿಗೂ ಹೋಗದಿದ್ದರೂ ಅವು ಮತ್ತೆ ಬೇಯಲೇಬೇಕು. ಗಿರಾಕಿ ಬಾರದ ಹೋಟೆಲಿನಲ್ಲಿ ಎರಡನೆಯ ಸಲ ಬೇಯುವ ಇಡ್ಲಿಯ ಹಾಗೆ ಅವು ಒಳಗೆ ಬುಸುಗುಟ್ಟುತ್ತಿದ್ದವು. ಹೊರಗೆ ನಾನು.

ಕೌಂಟರಿನಲ್ಲಿ ಕೂರುವ ಹುಡುಗಿ ಮೊಬೈಲ್ ಹಿಡಿದು ಒಳಗೆ ಬಂದಳು. “ಮೇಷ್ಟ್ರಿಗೆ ಒಂದು ಸಂದೇಶ ಬರೆದಿದ್ದೇನೆ ಡಾಕ್ಟರೇ, ಕಳಿಸಲೇ?” ಎಂದಳು. ಓದಿದೆ: “ಇಂದು 11 ಗಂಟೆಗೆ ನಿಮಗೆ ಸಮಯ ಕೊಟ್ಟಿದ್ದೆವು. ಕಾದೆವು. ನೀವು ಬರಲೇ ಇಲ್ಲ.”

ಇದರಲ್ಲಿ ಒಂದೇ ಒಂದು ಸುಳ್ಳಿಲ್ಲ. ಆದರೂ ಕಳಿಸುವಂತಿಲ್ಲ. ಆ ‘ಲೇ’ಯನ್ನು ನೋಡಿ. ‘ಬರಲಿಲ್ಲ’ ಎಂದರೆ ಅದೊಂದು ವರದಿ. ‘ಬರಲೇ ಇಲ್ಲ’ ಎಂದರೆ ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲಿ ನಿಂತ ಅತ್ತೆ. ಒಂದು ಏಕಾರದಲ್ಲಿ ಇಷ್ಟು ಮುನಿಸನ್ನು ತುಂಬಿಡಬಲ್ಲ ಭಾಷೆಯಲ್ಲಿ ಯಾರನ್ನೂ ನೋಯಿಸದೆ ಎರಡು ಸಾಲು ಬರೆಯುವುದು ಸುಲಭವಲ್ಲ.

“ಹಾಗಾದರೆ ‘ನಿಮ್ಮ ಭೇಟಿ ತಪ್ಪಿದೆ’ ಎನ್ನೋಣವೇ?” ಎಂದಳು. ಅದರಲ್ಲೂ ಮುಳ್ಳಿದೆ. ನಮ್ಮಲ್ಲಿ ತಪ್ಪಿಹೋಗುವುದಕ್ಕೂ ತಪ್ಪು ಮಾಡುವುದಕ್ಕೂ ಇರುವುದು ಒಂದೇ ಮಾತು. ಬಸ್ಸು ತಪ್ಪಿದರೂ ತಪ್ಪು, ಲೆಕ್ಕ ತಪ್ಪಿದರೂ ತಪ್ಪು. ಅದಕ್ಕೆ ಒಂದು ‘ಇಸು’ ಸೇರಿಸಿ ‘ತಪ್ಪಿಸಿದಿರಿ’ ಎಂದುಬಿಟ್ಟರಂತೂ ಪೊಲೀಸ್ ಠಾಣೆಯ ಭಾಷೆ. ಆದರೆ ಗಾಯ ಮಾಡುವ ವ್ಯಾಕರಣದಲ್ಲೇ ಮುಲಾಮೂ ಇದೆ. ‘ನೀವು’ ಎಂಬುದನ್ನು ‘ನಿಮಗೆ’ ಎಂದು ಬದಲಿಸಿದರೆ ಸಾಕು. ‘ನೀವು ಬರಲಿಲ್ಲ’ ಎಂದಾಗ ಬಾರದಿದ್ದ ಕರ್ತೃ ನೀವೇ. ‘ನಿಮಗೆ ಬರಲು ಸಾಧ್ಯವಾಗಲಿಲ್ಲ’ ಎಂದಾಗ ನೀವು ಕರ್ತೃವಲ್ಲ. ಜ್ವರ ಬಂದ ಹಾಗೆ, ಹಸಿವಾದ ಹಾಗೆ, ಆ ಅಸಾಧ್ಯ ಎಲ್ಲಿಂದಲೋ ನಿಮಗೆ ಆಯಿತು. ಚತುರ್ಥಿ ವಿಭಕ್ತಿಯನ್ನು ಶಾಲೆಯಲ್ಲಿ ಕಲಿಸುವಾಗ ಈ ಉಪಯೋಗವನ್ನು ಯಾರೂ ಹೇಳಿಕೊಡಲಿಲ್ಲ. ಹೇಳಿದ್ದರೆ ಇನ್ನೆರಡು ಅಂಕ ಬರುತ್ತಿದ್ದವು.

ಇಷ್ಟೆಲ್ಲ ನಯ ಏಕೆ, ಬಾರದವರಿಗೆ ನಷ್ಟ ಅವರದೇ ಅಲ್ಲವೇ ಎಂದು ಕೇಳಬಹುದು. ಹನ್ನೊಂದೂವರೆಗೆ ನಾನೂ ಅದನ್ನೇ ಕೇಳಿಕೊಂಡೆ, ಸ್ವಲ್ಪ ಜೋರಾಗಿಯೇ. ಆದರೆ ಮೇಷ್ಟ್ರದು ಅರ್ಧಕ್ಕೆ ನಿಂತ ರೂಟ್ ಕೆನಾಲ್. ಹಿಂದಿನ ವಾರ ಕೆಳಗಿನ ದವಡೆ ಹಲ್ಲನ್ನು ಕೊರೆದು, ಒಳಗಿನ ಕೊಳೆತ ತಿರುಳನ್ನು ತೆಗೆದು, ಬೇರಿನ ನಾಳಗಳನ್ನು ಕೂದಲೆಳೆಯಂಥ ಅರಗಳಿಂದ ಉಜ್ಜಿ, ಔಷಧಿಯಿಂದ ತೊಳೆದು, ಸುಣ್ಣದ ಜಾತಿಯ ಒಂದು ಲೇಪ ತುಂಬಿ, ಮೇಲೆ ತಾತ್ಕಾಲಿಕ ಸಿಮೆಂಟ್ ಮೆತ್ತಿ ಕಳಿಸಿದ್ದೆ. ನಾಳಗಳನ್ನು ರಬ್ಬರಿನಂಥ ವಸ್ತುವಿನಿಂದ ಶಾಶ್ವತವಾಗಿ ಮುಚ್ಚಿ, ಮೇಲೆ ಟೊಪ್ಪಿ ತೊಡಿಸುವುದು ಬಾಕಿ. ಆದರೆ ಆ ಮೊದಲ ದಿನವೇ ನೋವು ಹೋಗಿಬಿಡುತ್ತದೆ. ನೋಯುವುದಕ್ಕೆ ಒಳಗೆ ನರವೇ ಇಲ್ಲದ ಮೇಲೆ ನೋಯುವುದೇನು? ಎರಡು ರಾತ್ರಿ ನಿದ್ದೆ ಬಿಟ್ಟು ಕೆನ್ನೆ ಹಿಡಿದುಕೊಂಡು ಬಂದವರು, ಮೂರನೆಯ ರಾತ್ರಿ ಗೊರಕೆ ಹೊಡೆದು ಎದ್ದು, ವಾಸಿಯಾಯಿತಲ್ಲ ಎಂದುಕೊಳ್ಳುತ್ತಾರೆ. ನನ್ನ ಅರ್ಧ ಕೆಲಸ ಚೆನ್ನಾಗಿ ಆದದ್ದಕ್ಕೇ ಅವರು ಮಿಕ್ಕರ್ಧಕ್ಕೆ ಬರುವುದಿಲ್ಲ. ನೋವನ್ನು ಸ್ವಲ್ಪ ಉಳಿಸಿ ಕಳಿಸಿದರೆ ಎಲ್ಲರೂ ಹೇಳಿದ ಹೊತ್ತಿಗೆ ಬಂದಾರು ಎಂಬ ದುರಾಲೋಚನೆ ಬಂದಿಲ್ಲ ಎಂದು ಹೇಳಲಾರೆ.

ಆ ತಾತ್ಕಾಲಿಕ ಸಿಮೆಂಟ್ ಹೆಸರಿಗೆ ತಕ್ಕ ಹಾಗೆ ತಾತ್ಕಾಲಿಕ. ಎರಡು ಮೂರು ವಾರ ಕಳೆದರೆ ಅಂಚು ಸವೆದು ಎಂಜಲು ಒಳಗೆ ಜಿನುಗುತ್ತದೆ, ಎಂಜಲಿನ ಜೊತೆ ಸೂಕ್ಷ್ಮಾಣುಗಳೂ. ತೊಳೆದದ್ದೆಲ್ಲ ಮತ್ತೆ ಕೊಳೆ. ಅದಕ್ಕಿಂತ ಕೆಟ್ಟದ್ದು, ಒಳಗೆ ಟೊಳ್ಳಾದ ಹಲ್ಲು ಒಂದು ದಿನ ಚಕ್ಕುಲಿ ಕಡಿಯುವಾಗ ಸೌದೆಯ ಹಾಗೆ ಬುಡದವರೆಗೆ ಸೀಳಿಬಿಡುವುದು. ಹಾಗಾದರೆ ಕೀಳುವುದೊಂದೇ ದಾರಿ. ಇದನ್ನು ಸಂದೇಶದಲ್ಲಿ ಹೇಳದಿದ್ದರೆ ಮೋಸ. ಹೇಳಿದರೆ ಹೆದರಿಸಿದ ಹಾಗೆ. ಯೋಚಿಸಿ “ಹಲ್ಲಿಗೆ ಹಾಕಿರುವ ಸಿಮೆಂಟ್ ತಾತ್ಕಾಲಿಕವಾದದ್ದು, ಮುಂದಿನ ವಾರದೊಳಗೆ ಪೂರ್ತಿ ಮಾಡಿಬಿಟ್ಟರೆ ಒಳ್ಳೆಯದು. ಅಲ್ಲಿಯವರೆಗೆ ಆ ಕಡೆಯಿಂದ ಗಟ್ಟಿ ಪದಾರ್ಥ ಅಗಿಯಬೇಡಿ” ಎಂದಷ್ಟೇ ಬರೆಸಿದೆ. ಬೈಗುಳವನ್ನೆಲ್ಲ ಸಿಮೆಂಟಿನ ಮೇಲೆ ಹಾಕಿದೆ. ಅದಕ್ಕೇನೂ ಬೇಸರವಿಲ್ಲ.

“ಬಾಕಿ ಹಣದ ವಿಷಯವನ್ನೂ ಸೇರಿಸಲೇ?” ಎಂದಳು ಹುಡುಗಿ. ಬೇಡವೆಂದೆ. ಬಾರದವರಲ್ಲಿ ಕೆಲವರಿಗೆ ಆ ವಾರ ದುಡ್ಡು ಹೊಂದಿರುವುದಿಲ್ಲ. ನೆನಪಿಸಿದರೆ ಅವರು ಹಲ್ಲನ್ನಲ್ಲ, ಈ ರಸ್ತೆಯನ್ನೇ ಬಿಡುತ್ತಾರೆ.

ಕೊನೆಯಲ್ಲಿ ಅವಳು “ನಿಮಗೆ ಅನುಕೂಲವಾದಾಗ ಯಾವಾಗಲಾದರೂ ಬನ್ನಿ” ಎಂದು ಸೇರಿಸಿದಳು. ಕೇಳಲು ಎಷ್ಟು ಸೌಜನ್ಯ! ಆದರೆ ‘ಒಮ್ಮೆ ಮನೆಗೆ ಊಟಕ್ಕೆ ಬನ್ನಿ’ ಎಂದು ಮದುವೆ ಮನೆಯಲ್ಲಿ ಕೈ ಹಿಡಿದು ಹೇಳಿದ ಎಷ್ಟು ಮನೆಗೆ ನೀವು ಊಟಕ್ಕೆ ಹೋಗಿದ್ದೀರಿ? ದಿನ ಹೇಳದ ಆಹ್ವಾನ ಆಹ್ವಾನವಲ್ಲ. ಅದು ಬೀಳ್ಕೊಡುಗೆ.

ಈ ಸತ್ಯವನ್ನು ನಮ್ಮ ಜನ ಬಹಳ ಹಿಂದೆಯೇ ಒಂದು ದೆವ್ವದ ಮೇಲೆ ಪ್ರಯೋಗಿಸಿ ನೋಡಿದ್ದಾರೆ. 90ರ ದಶಕದಲ್ಲಿ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದದ್ದು ನೆನಪಿರಬಹುದು. ರಾತ್ರಿ ಹೊತ್ತು ದೆವ್ವವೊಂದು ಬಂದು ಮನೆಯವರ ದನಿಯಲ್ಲೇ ಹೆಸರು ಹಿಡಿದು ಕೂಗುತ್ತದೆ, ಓಗೊಟ್ಟು ಬಾಗಿಲು ತೆರೆದವರು ಸಾಯುತ್ತಾರೆ ಎಂದು ಸುದ್ದಿ. ಬರೆದದ್ದನ್ನು ಓದಿದರೆ ಹೋಗಿ ಮರುದಿನ ಬರುತ್ತದೆ, ಮರುದಿನವೂ ಅದನ್ನೇ ಓದುತ್ತದೆ. ನಮ್ಮ ಮನೆಯಲ್ಲಿ ಬರೆಯುವ ಕೆಲಸ ನನಗೆ ಬಿತ್ತು, ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ. ಸುಣ್ಣದ ಕಡ್ಡಿ ಹಿಡಿದು ‘ನಾಳೆ ಬಾ’ ಎಂದು ಬರೆದು ಮುಗಿಸಿದೆ. ಅಜ್ಜಿ ಬಂದು ನೋಡಿ, “ಏನೋ ಇದು, ‘ಬಾ’? ಅವಳೂ ಯಾರ ಮನೆಯ ಹೆಣ್ಣುಮಗಳೋ. ‘ಬನ್ನಿ’ ಎಂದು ಬರೆ” ಎಂದರು. ಅಪ್ಪ, “ದೆವ್ವಕ್ಕೆ ಎಂಥ ಬಹುವಚನ? ಮರ್ಯಾದೆ ಕೊಟ್ಟರೆ ಒಳಗೇ ಬರುತ್ತದೆ” ಎಂದರು. ಅಮ್ಮ, “ಊರಿಗೆಲ್ಲ ‘ಬಾ’ ಎಂದಿರುವಾಗ ನಾವೊಬ್ಬರು ‘ಬನ್ನಿ’ ಎಂದರೆ, ಇದು ಬೇರೆ ಜಾತಿಯ ಬಾಗಿಲು ಎಂದುಕೊಂಡು ತಟ್ಟಿದರೆ?” ಎಂದು ವ್ಯಾವಹಾರಿಕ ಪ್ರಶ್ನೆ ಎತ್ತಿದರು. ಕತ್ತಲಾಗುವವರೆಗೆ ಚರ್ಚೆ ನಡೆದು, ಮುಂಬಾಗಿಲಿಗೆ ‘ನಾಳೆ ಬಾ’, ಅಜ್ಜಿ ಮಲಗುವ ಹಿತ್ತಲ ಬಾಗಿಲಿಗೆ ‘ನಾಳೆ ಬನ್ನಿ’ ಎಂದು ತೀರ್ಮಾನವಾಯಿತು. ಹಿತ್ತಲ ಬಾಗಿಲ ಬರಹ ಮಳೆಗೆ ಅಳಿಸಿದಾಗಲೆಲ್ಲ ಅಜ್ಜಿ ತಾವೇ ತಿದ್ದಿ ಬರೆಯುತ್ತಿದ್ದರು. ಒಮ್ಮೆ ಮುಂದೆ ‘ದಯವಿಟ್ಟು’ ಕೂಡ ಇತ್ತು.

ಈಗ ಯೋಚಿಸಿದರೆ ನನಗೆ ಆ ದೆವ್ವದ ಮೇಲೆ ಎಲ್ಲಿಲ್ಲದ ಗೌರವ. ಹೇಳಿದ ದಿನ, ಹೇಳಿದ ಬಾಗಿಲಿಗೆ, ಒಂದು ದಿನವೂ ಬಿಡದೆ ಬರುತ್ತಿತ್ತು. ಸಮಯ ತಪ್ಪಿಸಿದವರು ನಾವು. ನನ್ನ ರೋಗಿಗಳಲ್ಲಿ ಅಂಥವರು ನಾಲ್ವರು ಇದ್ದಿದ್ದರೆ ನಾನು ಸೋಮವಾರ ಹೀಗೆ ಕೂತು ವಿಭಕ್ತಿ ಪ್ರತ್ಯಯ ಎಣಿಸುತ್ತಿರಲಿಲ್ಲ.

ಇರಲಿ. ಯಾವಾಗಲಾದರೂ ಎನ್ನುವುದನ್ನು ಹೊಡೆದುಹಾಕಿ ಎರಡು ಹೊತ್ತುಗಳನ್ನು ಕೊಡೋಣವೆಂದೆ. ಒಂದೇ ಕೊಟ್ಟರೆ ಆಜ್ಞೆಯಾಗುತ್ತದೆ. ಐದು ಕೊಟ್ಟರೆ, ಇವರಿಗೆ ಬೇರೆ ರೋಗಿಗಳೇ ಇಲ್ಲ ಎಂದು ತಿಳಿಯುತ್ತದೆ. ನಾನು “ಬುಧವಾರ ಹನ್ನೆರಡು, ಇಲ್ಲದಿದ್ದರೆ ಶುಕ್ರವಾರ ಹನ್ನೊಂದು” ಎಂದೆ. ಹುಡುಗಿ ಗೋಡೆಯ ಪಂಚಾಂಗದ ಕಡೆ ನೋಡಿ ನಕ್ಕಳು. ಬುಧವಾರ ಹನ್ನೆರಡರಿಂದ ಒಂದೂವರೆ ರಾಹುಕಾಲ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು. ಬಾರದವರಿಗೆ ಮತ್ತೆ ಬಾರದಿರಲು ನಾವೇ ಕಾರಣ ಬರೆದುಕೊಟ್ಟ ಹಾಗಾಗುತ್ತಿತ್ತು. ರಾಹುಕಾಲದಲ್ಲಿ ಹಲ್ಲಿನ ನಾಳ ಮುಚ್ಚಬಾರದು ಎಂದು ನನ್ನ ಪಠ್ಯಪುಸ್ತಕಗಳಲ್ಲಿ ಎಲ್ಲೂ ಇಲ್ಲ. ಆದರೆ ನನ್ನ ಹಾಜರಿ ಪುಸ್ತಕದಲ್ಲಿ ಇದೆ. ಶುಕ್ರವಾರ ಹನ್ನೊಂದರ ಮನೆ ಯಾವಾಗಲೂ ಖಾಲಿ. ಬುಧವಾರ ಬೆಳಿಗ್ಗೆ 10.30 ಅಥವಾ ಗುರುವಾರ ಸಂಜೆ 5 ಎಂದು ಬರೆದು ಕಳಿಸಿದೆವು:

“ನಮಸ್ಕಾರ. ಇಂದು ನಿಮಗೆ ಬರಲು ಸಾಧ್ಯವಾಗಲಿಲ್ಲ ಎಂದು ಕಾಣುತ್ತದೆ. ಹಲ್ಲಿಗೆ ಹಾಕಿರುವ ಸಿಮೆಂಟ್ ತಾತ್ಕಾಲಿಕವಾದದ್ದು. ಮುಂದಿನ ವಾರದೊಳಗೆ ಪೂರ್ತಿ ಮಾಡಿಬಿಟ್ಟರೆ ಒಳ್ಳೆಯದು. ಅಲ್ಲಿಯವರೆಗೆ ಆ ಕಡೆಯಿಂದ ಗಟ್ಟಿ ಪದಾರ್ಥ ಅಗಿಯಬೇಡಿ. ಬುಧವಾರ ಬೆಳಿಗ್ಗೆ 10.30 ಅಥವಾ ಗುರುವಾರ ಸಂಜೆ 5 ಗಂಟೆ, ಯಾವುದು ಆದೀತು ತಿಳಿಸಿ.”

ಕ್ಷಮೆ ಎಂಬ ಪದವಿಲ್ಲ, ಏಕಾರವಿಲ್ಲ, ತಪ್ಪು ಎಂಬ ಧಾತುವಿಲ್ಲ. ನನಗೇ ನನ್ನ ಮೇಲೆ ಹೆಮ್ಮೆ ಬಂತು.

ಅರ್ಧ ಗಂಟೆಯಲ್ಲಿ ಮೇಷ್ಟ್ರ ಫೋನು. “ಡಾಕ್ಟರೇ, ನನ್ನ ಮಗನಿಗೆ ಚಾಡಿ ಹೇಳಿದಿರಾ?”

ಅವರು ನಮ್ಮಲ್ಲಿ ಕೊಟ್ಟದ್ದು ಬೆಂಗಳೂರಿನಲ್ಲಿರುವ ಮಗನ ನಂಬರು. ಸಂದೇಶ ಹೋದದ್ದು ಅಲ್ಲಿಗೆ. ಮಗ ಕಚೇರಿಯಿಂದಲೇ ಫೋನು ಮಾಡಿ, ನಾನು ಬಿಟ್ಟಿದ್ದ ಏಕಾರಗಳನ್ನೆಲ್ಲ ಸೇರಿಸಿ ತಂದೆಗೆ ಹೇಳಿದ್ದಾನೆ. “ಹೋಗಲೇ ಇಲ್ಲವಂತೆ!” ಒಂದು ಗಂಟೆ ಕೂತು ಮೊನಚು ಉಜ್ಜಿದ್ದು ಹೀಗೆ ವ್ಯರ್ಥವಾಯಿತು. ಅಂದಿನಿಂದ ನಮ್ಮ ಅರ್ಜಿಯಲ್ಲಿ ‘ಈ ನಂಬರು ಯಾರದು’ ಎಂಬ ಒಂದು ಸಾಲು ಹೆಚ್ಚಾಗಿದೆ. ಸಂದೇಶ ಬೇರೆಯವರ ಕೈಗೆ ಹೋಗುವುದಾದರೆ ಹಲ್ಲಿನ ಸುದ್ದಿಯನ್ನೂ ಎತ್ತುವುದಿಲ್ಲ, ಹೊತ್ತುಗಳನ್ನಷ್ಟೇ ಕೊಡುತ್ತೇವೆ.

“ಮತ್ತೆ,” ಎಂದರು ಮೇಷ್ಟ್ರು, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ದನಿಯಲ್ಲಿ, “ಸಾಧ್ಯವಾಗಲಿಲ್ಲ ಎಂದು ಬರೆದಿದ್ದೀರಿ. ಅದು ಸರಿಯಲ್ಲ. ಸಾಧ್ಯವಿತ್ತು. ನೋವಿರಲಿಲ್ಲ, ಬರಲಿಲ್ಲ.” ಇಷ್ಟು ಹೇಳಿ ಬುಧವಾರ ಹತ್ತೂವರೆಯನ್ನು ಆರಿಸಿಕೊಂಡರು.

ಬುಧವಾರ ಹತ್ತೂ ಹತ್ತಕ್ಕೇ ಛತ್ರಿ ಸಮೇತ ಹಾಜರು. ನನ್ನ ಕುರ್ಚಿಯಲ್ಲಿ ಆಗ ಬೇರೊಬ್ಬರಿದ್ದರು. ಅವರ ಬುದ್ಧಿಹಲ್ಲು ಅರ್ಧಕ್ಕೆ ಮುರಿದು ಬೇರು ಒಳಗೇ ಉಳಿದಿತ್ತು. ಅದು ಹೊರಗೆ ಬರುವ ಹೊತ್ತಿಗೆ ಹನ್ನೊಂದೂ ಐದು. ಕೈ ತೊಳೆದು ಹೊರಗೆ ಬಂದು, “ಮೇಷ್ಟ್ರೇ, ಬಹಳ ಕಾಯಿಸಿಬಿಟ್ಟೆ” ಎಂದೆ.

“ಇಲ್ಲ, ಇಲ್ಲ,” ಎಂದು ಅವರು ಎದ್ದು ನಿಂತು ಛತ್ರಿಯನ್ನು ಮೂಲೆಗೆ ಒರಗಿಸಿದರು. “ನಿಮಗೆ ಸಾಧ್ಯವಾಗಲಿಲ್ಲ.”

ಬಾಯಿ ತೆರೆಸಿ ನೋಡಿದೆ. ಸಿಮೆಂಟಿನ ಒಂದು ಅಂಚು ಆಗಲೇ ಹೋಗಿತ್ತು. ಆ ಸಂದಿಯಲ್ಲಿ ಒಂದು ಸಾಸಿವೆ ಕಾಳು, ಒಗ್ಗರಣೆಯಲ್ಲಿ ಸಿಡಿದು ಬಿರಿದದ್ದು, ಭದ್ರವಾಗಿ ಕುಳಿತಿತ್ತು. ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದೆ. ಬಾಯಿ ತುಂಬ ಹತ್ತಿ ಇದ್ದುದರಿಂದ ಮೇಷ್ಟ್ರಿಗೆ ಮಾತಾಡಲಾಗುತ್ತಿರಲಿಲ್ಲ. ಫೋನು ಹಿಡಿದ ಹಾಗೆ ಬೆರಳುಗಳನ್ನು ಕಿವಿಗೆ ಹಚ್ಚಿ, ಬೆಂಗಳೂರಿನ ದಿಕ್ಕಿಗೆ ಒಮ್ಮೆ ನೋಡಿ, ಬೇಡ ಎಂದು ತಲೆಯಾಡಿಸಿದರು.