ಮಕ್ಕಳ ರೇಡಿಯೊ: ಸುದ್ದಿಗೆ ಕಾಗದ ಇರಲಿ, ಸಂದರ್ಶನಕ್ಕೆ ಬೇಡ

ಮಕ್ಕಳ ದಿನಾಚರಣೆ ಹತ್ತಿರ ಬಂದರೆ ಸಾಕು, 'ನಮ್ಮ ಶಾಲೆಯ ಮಕ್ಕಳೇ ಮಾಡಿದ ರೇಡಿಯೊ ಕಾರ್ಯಕ್ರಮ' ಅಂತ ವಾಟ್ಸಾಪ್‌ನಲ್ಲಿ ಆಡಿಯೊಗಳು ಬರತೊಡಗುತ್ತವೆ. ಅರ್ಧ ನಿಮಿಷ ಕೇಳಿದರೆ ಗೊತ್ತಾಗಿಬಿಡುತ್ತದೆ, ಬರೆದವರು ಮೇಷ್ಟ್ರು, ಓದಿದವರು ಮಕ್ಕಳು. 'ನಮಸ್ಕಾರ ಪ್ರಿಯ ಕೇಳುಗರೇ' ಅಂತ ಒಂದೇ ಉಸಿರಲ್ಲಿ ಶುರುವಾಗಿ, ಮಗ್ಗಿ ಒಪ್ಪಿಸಿದ ಹಾಗೆ ಮುಗಿಯುತ್ತದೆ. ಸಂದರ್ಶನ ಅಂತ ಒಂದು ಇರುತ್ತದೆ. ಅದರಲ್ಲಿ ಉತ್ತರ ಕೊಡುವವರೂ ಕಾಗದ ನೋಡಿಕೊಂಡೇ ಓದುತ್ತಿರುತ್ತಾರೆ!

ಶಿರಾ ಕಡೆಯ ಒಂದು ಸರ್ಕಾರಿ ಶಾಲೆಯ ಏಳನೇ ಕ್ಲಾಸಿನ ಮಕ್ಕಳ ಜೊತೆ ಹತ್ತು ನಿಮಿಷದ ಕಾರ್ಯಕ್ರಮ ಮಾಡಿಸುವಾಗ ಕಂಡದ್ದನ್ನು ಹೇಳುತ್ತೇನೆ. ಸಂದರ್ಶನ, ಹಾಡು, ಊರ ಸುದ್ದಿ, ಮೂರೂ ಇದ್ದವು. ನನ್ನ ಅಭಿಪ್ರಾಯ ಇಷ್ಟೇ. ಸಂದರ್ಶನಕ್ಕೆ ಹೋಗುವ ಮಗುವಿನ ಕೈಯಲ್ಲಿ ಕಾಗದ ಇರಬಾರದು, ಸುದ್ದಿ ಓದುವ ಮಗುವಿನ ಕೈಯಲ್ಲಿ ಇರಲೇಬೇಕು. ಬಹಳ ಕಡೆ ಇದು ತಿರುಗುಮುರುಗಾಗಿ ನಡೆಯುತ್ತದೆ.

ಸಂದರ್ಶನಕ್ಕೆ ಮಕ್ಕಳು ಆರಿಸಿದ್ದು ಬಿಸಿಯೂಟದ ಅಡುಗೆ ಅಕ್ಕನನ್ನು. ಮೊದಲ ಸಲ ಹುಡುಗಿ ಬರೆದುಕೊಂಡು ಹೋದಳು. 'ನಿಮಗೆ ಅಡುಗೆ ಮಾಡುವುದು ಇಷ್ಟವೇ?' 'ಹೂಂ.' 'ಮಕ್ಕಳು ಚೆನ್ನಾಗಿ ಊಟ ಮಾಡುತ್ತಾರೆಯೇ?' 'ಹೂಂ, ಮಾಡ್ತಾರೆ.' ಹೀಗೆ ಎಂಟು ಪ್ರಶ್ನೆ ಒಂದೇ ನಿಮಿಷಕ್ಕೆ ಖಾಲಿ. ತಪ್ಪು ಅಕ್ಕನದಲ್ಲ. ಹೌದು, ಇಲ್ಲ ಅಂತ ಮುಗಿಸಬಹುದಾದ ಪ್ರಶ್ನೆಗೆ ಯಾರಾದರೂ ಅಷ್ಟೇ ಹೇಳುತ್ತಾರೆ. ಅದೂ ಅಲ್ಲದೆ ಹುಡುಗಿಯ ಕಣ್ಣು ಮುಂದಿನ ಪ್ರಶ್ನೆಯ ಮೇಲಿತ್ತು, ಕಿವಿ ಉತ್ತರದ ಮೇಲಿರಲಿಲ್ಲ.

ಎರಡನೇ ಸಲ ಕಾಗದ ಬಿಟ್ಟು ಒಂದೇ ಒಂದು ಪ್ರಶ್ನೆ ತಲೆಯಲ್ಲಿಟ್ಟುಕೊಂಡು ಹೋದಳು. 'ಅಕ್ಕ, ಬೆಳಿಗ್ಗೆ ಶಾಲೆಗೆ ಬಂದ ತಕ್ಷಣ ಮೊದಲು ಏನ್ ಮಾಡ್ತೀರ?' ಅಕ್ಕ ಶುರು ಮಾಡಿದರು. ಹಾಲಿನ ಪುಡಿ ಕದಡಬೇಕು, ಗಂಟು ಕಟ್ಟಿದರೆ ಚಿಕ್ಕ ಮಕ್ಕಳು ಕುಡಿಯಲ್ಲ, ಆಮೇಲೆ ಹಾಜರಿ ಎಷ್ಟು ಅಂತ ಕೇಳಿ ಅಕ್ಕಿ ಅಳೀಬೇಕು. 'ಇವತ್ತು ಹದಿನಾಲ್ಕು ಕೆಜಿ ಹಾಕಿದೀವಿ' ಅಂದರು. 'ಅದು ಹೆಂಗೆ ಲೆಕ್ಕ ಅಕ್ಕ?' ಅಂತ ಹುಡುಗಿ ತಾನಾಗೇ ಕೇಳಿದಳು. ಐದನೇ ಕ್ಲಾಸಿನವರೆಗೆ ತಲೆಗೆ 100 ಗ್ರಾಂ, ಆರರಿಂದ ಮೇಲೆ 150 ಗ್ರಾಂ. ಅವತ್ತು ಚಿಕ್ಕವರು 80 ಜನ, ಅಂದರೆ 8 ಕೆಜಿ. ದೊಡ್ಡವರು 40, ಅಂದರೆ 6 ಕೆಜಿ. ಹುಡುಗಿ ರೆಕಾರ್ಡಿಂಗ್‌ನಲ್ಲೇ ಜೋರಾಗಿ ಕೂಡಿ, 'ಸರಿ ಇದೆ!' ಅಂದಳು. ಅಕ್ಕ ನಕ್ಕರು. ಇಡೀ ಕಾರ್ಯಕ್ರಮದಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಅದು. ಯಾವ ಮೇಷ್ಟ್ರೂ ಬರೆದುಕೊಟ್ಟು ಮಾಡಿಸುವಂಥದ್ದಲ್ಲ.

ಇನ್ನು ರೆಕಾರ್ಡಿಂಗ್ ವಿಷಯ. ಎಲ್ಲರೂ ಮೈಕ್ ಯಾವುದು ಅಂತ ಕೇಳುತ್ತಾರೆ, ಜಾಗ ಯಾವುದು ಅಂತ ಯಾರೂ ಕೇಳುವುದಿಲ್ಲ. ಸಾಧಾರಣ ಮೊಬೈಲ್ ಸಾಕು. ಆದರೆ ಖಾಲಿ ಕ್ಲಾಸ್‌ರೂಮು ಬೇಡ. ಬರೀ ಗೋಡೆ, ಸಿಮೆಂಟ್ ನೆಲ, ಮಾತು ಗುಂಯ್ ಅಂತ ತಿರುಗಿ ಬರುತ್ತದೆ. ಶುರು ಮಾಡುವ ಮುಂಚೆ ಒಂದು ಚಪ್ಪಾಳೆ ತಟ್ಟಿ ನೋಡಿ. ಸದ್ದು ತಕ್ಷಣ ಸತ್ತರೆ ಜಾಗ ಒಳ್ಳೆಯದು, ಎಳೆದರೆ ಬೇರೆ ಜಾಗ ಹುಡುಕಿ. ನಮಗೆ ಸಿಕ್ಕಿದ್ದು ಪಠ್ಯಪುಸ್ತಕದ ಕಟ್ಟುಗಳನ್ನು ಪೇರಿಸಿಟ್ಟಿದ್ದ ಚಿಕ್ಕ ಕೋಣೆ. ನೆಲಕ್ಕೆ ಜಮಖಾನ ಹಾಸಿದೆವು, ಫ್ಯಾನ್ ಆರಿಸಿದೆವು, ಅಷ್ಟೇ. ಫ್ಯಾನಿನ ಸದ್ದನ್ನಾದರೂ ಆಮೇಲೆ ಸ್ವಲ್ಪ ತೆಗೆಯಬಹುದು, ಗೋಡೆಗೆ ಬಡಿದು ಬಂದ ಸದ್ದನ್ನು ತೆಗೆಯುವುದು ಬಹಳ ಕಷ್ಟ.

ಫೋನನ್ನು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಇಡಬೇಕು. ನೇರ ಮುಂದಿಟ್ಟರೆ 'ಪ', 'ಫ', 'ಭ' ಬಂದಾಗೆಲ್ಲ ಗಾಳಿ ಬಡಿದು ಡಬ್ ಅನ್ನುತ್ತದೆ. ಕೈಯಲ್ಲಿ ಹಿಡಿದರೆ ಬೆರಳು ಉಜ್ಜುವ ಸದ್ದೂ ಬರುತ್ತದೆ, ಮಡಿಸಿದ ಟವೆಲ್ ಮೇಲಿಡಿ. ಏರೋಪ್ಲೇನ್ ಮೋಡ್ ಮರೆಯಬೇಡಿ. ಒಳ್ಳೆ ಮಾತು ಬರುವಾಗಲೇ ಯಾರದ್ದೋ ಕಾಲ್ ಬರುತ್ತದೆ! ವಾಟ್ಸಾಪ್ ವಾಯ್ಸ್ ಮೆಸೇಜ್‌ನಲ್ಲಿ ರೆಕಾರ್ಡ್ ಮಾಡಬೇಡಿ, ಅದು ಧ್ವನಿಯನ್ನು ಕುಗ್ಗಿಸಿಬಿಡುತ್ತದೆ. ಫೋನಿನ ರೆಕಾರ್ಡರ್‌ನಲ್ಲೇ ಮಾಡಿ, ಕಳಿಸುವಾಗ ಡಾಕ್ಯುಮೆಂಟ್ ಅಂತ ಕಳಿಸಿ.

ಹಾಡಿನದು ಬೇರೆಯೇ ಕಥೆ. ಐದಾರು ಮಕ್ಕಳು ಒಟ್ಟಿಗೆ ಹಾಡುವಾಗ ಫೋನು ಹತ್ತಿರ ಇಟ್ಟರೆ ಧ್ವನಿ ಒಡೆಯುತ್ತದೆ. ನಾಲ್ಕೈದು ಅಡಿ ಹಿಂದೆ ಸರಿಸಿ, ಜೋರು ಗಂಟಲಿನವರನ್ನು ಹಿಂದೆ ನಿಲ್ಲಿಸಿ. ಮಕ್ಕಳು ಸಿನಿಮಾ ಹಾಡೇ ಬೇಕು ಅಂದರು, ಸಹಜ. ಹೊರಗೆ ಪ್ರಸಾರವಾಗುವ ಕಾರ್ಯಕ್ರಮದಲ್ಲಿ ಅದಕ್ಕೆ ಕಾಪಿರೈಟ್ ತಕರಾರು ಬರಬಹುದು. ಒಬ್ಬಳು ಅಜ್ಜಿಯಿಂದ ಕಲಿತ ಸೋಬಾನೆ ಪದ ಹೇಳಿದಳು, ಅದನ್ನೇ ಹಾಕಿದೆವು.

ಸುದ್ದಿಗೆ ಬರೋಣ. ಮೇಷ್ಟ್ರು 'ನಮ್ಮ ಶಾಲೆಯಲ್ಲಿ ಗಿಡ ನೆಡಲಾಯಿತು' ಅನ್ನುವಂಥದ್ದನ್ನು ಬಯಸಿದ್ದರು. ಒಬ್ಬ ಹುಡುಗ ಮಾತ್ರ, 'ಸರ್, ನಮ್ಮ ಬೀದೀಲಿ ತುಂಬಾ ದಿನದಿಂದ ನೀರೇ ಬಂದಿಲ್ಲ' ಅಂದ. ಸುದ್ದಿ ಅಂದರೆ ಅದೇ ತಾನೆ? ಆದರೆ 'ತುಂಬಾ ದಿನ' ಅಂದರೆ ಎಷ್ಟು? ಅವನು ಮೂರು ಮನೆಗೆ ಹೋಗಿ ಕೇಳಿದ. ಒಬ್ಬರು ನಾಲ್ಕು ದಿನ ಅಂದರು, ಇನ್ನಿಬ್ಬರು ಆರು. ಕೊನೆಗೆ ನೀರುಗಂಟಿಯನ್ನೇ ಹುಡುಕಿಕೊಂಡು ಹೋದ. ಸೋಮವಾರ ಮೋಟಾರ್ ಸುಟ್ಟಿದೆ, ರಿಪೇರಿಗೆ ಕೊಟ್ಟಿದ್ದೇವೆ ಅಂತ ಗೊತ್ತಾಯಿತು. ಆಮೇಲೆ ಬರೆದದ್ದು ಹೀಗೆ: 'ಕೆಳಗಿನ ಬೀದಿಗೆ ಸೋಮವಾರದಿಂದ ನೀರು ಬಂದಿಲ್ಲ. ಮೋಟಾರ್ ಸುಟ್ಟಿದೆ, ರಿಪೇರಿಗೆ ಕೊಡಲಾಗಿದೆ ಎಂದು ನೀರುಗಂಟಿ ತಿಳಿಸಿದ್ದಾರೆ.' ಯಾರು ಹೇಳಿದರು ಅನ್ನುವುದು ಅದರಲ್ಲೇ ಇದೆ. ಇದನ್ನು ಬಾಯಿಗೆ ಬಂದ ಹಾಗೆ ಹೇಳಿದರೆ 'ತುಂಬಾ ದಿನ' ಮತ್ತೆ ನುಸುಳುತ್ತದೆ. ಅದಕ್ಕೇ ಸುದ್ದಿಗೆ ಕಾಗದ ಬೇಕು ಅನ್ನುವುದು.

'ಪಂಚಾಯ್ತಿಯವರು ಬೇಜಾರು ಮಾಡ್ಕೊಂಡರೆ?' ಅಂತ ಮೇಷ್ಟ್ರಿಗೆ ಅಳುಕು. ಬಿಡಬಾರದು ಅಂತ ನಾನು ಹಟ ಹಿಡಿದೆ. ಬೈಗುಳ ಇಲ್ಲ, ಊಹೆ ಇಲ್ಲ, ಕೇಳಿ ತಿಳಿದದ್ದು ಮಾತ್ರ ಇದೆ.

ಎಡಿಟಿಂಗ್ ಆಡಾಸಿಟಿಯಲ್ಲಿ, ಪುಕ್ಕಟೆ ಸಾಫ್ಟ್‌ವೇರ್. ಫೋನಿನ m4a ಫೈಲ್ ವಿಂಡೋಸ್‌ನಲ್ಲಿ ತೆರೆಯದಿದ್ದರೆ FFmpeg ಅನ್ನುವ ಇನ್ನೊಂದು ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಳ್ಳಬೇಕು. ಫ್ಯಾನಿನಂಥ ಸದ್ದು ತೆಗೆಯಲು ಯಾರೂ ಮಾತಾಡದ ಎರಡು ಸೆಕೆಂಡನ್ನು ಆರಿಸಿ, Noise Reduction ಒಳಗೆ Get Noise Profile ಒತ್ತಿ, ಆಮೇಲೆ ಪೂರ್ತಿ ರೆಕಾರ್ಡಿಂಗ್ ಆರಿಸಿ Noise Reduction ಅನ್ನೇ ಮತ್ತೆ ಓಡಿಸಬೇಕು. ಜಾಸ್ತಿ ಮಾಡಿದರೆ ಮಗು ನೀರೊಳಗಿಂದ ಮಾತಾಡಿದ ಹಾಗೆ ಕೇಳಿಸುತ್ತದೆ. ಅದಕ್ಕಿಂತ ಸ್ವಲ್ಪ ಫ್ಯಾನ್ ಸದ್ದೇ ವಾಸಿ. ಕತ್ತರಿಸುವ ಕೆಲಸ ಮಕ್ಕಳೇ ಮಾಡಲಿ. ಅಕ್ಕನ ಒಂಬತ್ತು ನಿಮಿಷದ ಮಾತನ್ನು ನಾಲ್ಕಕ್ಕೆ ಇಳಿಸುವಾಗ ಯಾವುದು ಇರಬೇಕು, ಯಾವುದು ಹೋಗಬೇಕು ಅಂತ ಅವರಲ್ಲೇ ಜಗಳ ಆಯಿತು. ನಗುವನ್ನು ಮಾತ್ರ ಯಾರೂ ಕತ್ತರಿಸಲು ಬಿಡಲಿಲ್ಲ.

ಸಮುದಾಯ ರೇಡಿಯೊಗೆ ಕೊಡುವ ಆಸೆ ಇರುವವರಿಗೆ ಒಂದು ಮಾತು. ನಮ್ಮ ದೇಶದಲ್ಲಿ ಆ ಕೇಂದ್ರಗಳು ಸ್ವಂತ ಸುದ್ದಿ ಪ್ರಸಾರ ಮಾಡುವಂತಿಲ್ಲ. ಹವಾಮಾನ, ಪರೀಕ್ಷೆ, ಸ್ಥಳೀಯ ಆಡಳಿತ ಕೊಟ್ಟ ನೀರು, ಕರೆಂಟಿನ ಪ್ರಕಟಣೆ ಇಂಥವು ನಡೆಯುತ್ತವೆ, ಹುಡುಗ ತಾನೇ ಹುಡುಕಿ ತಂದ ಸುದ್ದಿ ಕಷ್ಟ. ಹಾಗಂತ ಅದನ್ನು ಅಳಿಸಬೇಡಿ. ಎರಡು ಫೈಲ್ ಮಾಡಿ. ಸುದ್ದಿ ಇಲ್ಲದ್ದು ರೇಡಿಯೊಗೆ, ಸುದ್ದಿ ಇರುವುದು ಶಾಲೆಯ ಪ್ರಾರ್ಥನೆ ಮೈಕಿಗೆ ಮತ್ತು ಎಸ್‌ಡಿಎಂಸಿ ಮೀಟಿಂಗಿಗೆ. ಪಂಚಾಯ್ತಿ ಸದಸ್ಯರು ಆ ಮೀಟಿಂಗಿಗೆ ಬರುವ ದಿನ ನೋಡಿಕೊಂಡು ಹಾಕಿದರೆ ಇನ್ನೂ ಒಳ್ಳೆಯದು.