ಜಾಣರೇ ತಪ್ಪು ಮಾಡಿದ ಪ್ರಶ್ನೆ

ಬಿ.ಎಡ್. ತರಗತಿಗೆ ಮಾಪನ ಮತ್ತು ಮೌಲ್ಯಮಾಪನ ಪಾಠ ಮಾಡುವವಳು ನಾನು. ಪ್ರಶ್ನೆ ಹೇಗೆ ತೆಗೆಯಬೇಕು ಅಂತ ಕಲಿಸುವವಳೇ ಕೆಟ್ಟ ಪ್ರಶ್ನೆ ತೆಗೆದ ಕಥೆ ಇದು.

ಪ್ರತಿ ಸಲವೂ ಒಂದೇ ಫಲ ಬರುವ ವಿಶ್ವಸನೀಯತೆ ಬೇರೆ, ಅಳೆಯಬೇಕಾದದ್ದನ್ನೇ ಅಳೆಯುವ ಸಪ್ರಮಾಣತೆ ಬೇರೆ ಅನ್ನೋದು ಮಕ್ಕಳಿಗೆ ಅರ್ಥವಾಗಿದೆಯಾ ಎಂದು ನೋಡಬೇಕಿತ್ತು. ಮೊದಲು ಹಾಕುತ್ತಿದ್ದದ್ದು ತಕ್ಕಡಿ ಪ್ರಶ್ನೆ: ಪ್ರತಿ ಸಲವೂ ಎರಡು ಕಿಲೋ ಕಡಿಮೆ ತೋರಿಸುವ ತಕ್ಕಡಿಗೆ ಏನೆನ್ನುತ್ತೀರಿ? ನೋಡಿದರೆ ಅನ್ವಯದ ಪ್ರಶ್ನೆಯ ಹಾಗೇ ಇದೆ. ಆದರೆ ಆ ತಕ್ಕಡಿ ಎಲ್ಲರ ನೋಟ್ಸಿನಲ್ಲೂ ಇದೆ, ನಾನೇ ಬರೆಸಿದ್ದು. ಪಾಠದಲ್ಲಿ ಕೊಟ್ಟ ಉದಾಹರಣೆಯನ್ನೇ ಪರೀಕ್ಷೆಯಲ್ಲಿ ಕೇಳಿದರೆ ಅದು ನೆನಪಿನ ಪರೀಕ್ಷೆ, ಅಷ್ಟೇ.

ಹಾಗಾಗಿ ಹೊಸ ಸನ್ನಿವೇಶ ಕಟ್ಟಿದೆ. ಕನ್ನಡ ಮಾಧ್ಯಮದ ಏಳನೇ ತರಗತಿಗೆ ಗಣಿತದ ಕಿರುಪರೀಕ್ಷೆ. ಲೆಕ್ಕಗಳೆಲ್ಲ ಉದ್ದುದ್ದ ಇಂಗ್ಲಿಷ್ ವಾಕ್ಯಗಳಲ್ಲಿವೆ. ಎರಡು ವಾರ ಬಿಟ್ಟು ಅದೇ ಪತ್ರಿಕೆ ಮತ್ತೆ ಕೊಟ್ಟರೆ ಅಂಕಗಳು ಹೆಚ್ಚುಕಡಿಮೆ ಹಾಗೇ ಬಂದವು. ಇದರಿಂದ ಏನು ತಿಳಿಯುತ್ತದೆ?

ಅ) ಅಂಕಗಳು ಸ್ಥಿರವಾಗಿವೆ, ಆದ್ದರಿಂದ ಗಣಿತವನ್ನು ಸರಿಯಾಗಿಯೇ ಅಳೆದಿದ್ದೇವೆ.
ಆ) ಅಂಕಗಳು ಸ್ಥಿರವಾಗಿವೆ, ಆದರೆ ಅಳೆದದ್ದು ಗಣಿತವನ್ನೇ ಎನ್ನಲಾಗದು.
ಇ) ಇಂಗ್ಲಿಷ್ ಅಡ್ಡ ಬಂದಿರುವುದರಿಂದ ಅಂಕಗಳನ್ನು ಸ್ಥಿರ ಎನ್ನಲಾಗದು.
ಈ) ಮೊದಲ ಸಲದ ಉತ್ತರಗಳು ನೆನಪಿದ್ದದ್ದರಿಂದ ಅಂಕಗಳು ಹೊಂದಿವೆ.

ನನ್ನ ಉತ್ತರ ಆ. ‘ಅ’ ಮತ್ತು ‘ಇ’ ಸುಮ್ಮನೆ ಜಾಗ ತುಂಬಲು ಹಾಕಿದ್ದಲ್ಲ. ಪ್ರತಿ ವರ್ಷ ಉತ್ತರಪತ್ರಿಕೆಗಳಲ್ಲಿ ಕಾಣುವ ತಪ್ಪು ಕಲ್ಪನೆಗಳನ್ನೇ ಎತ್ತಿಕೊಂಡಿದ್ದೆ. ‘ಈ’ ಮಾತ್ರ ನಾಲ್ಕು ಆಯ್ಕೆ ಇರಲೇಬೇಕಲ್ಲ ಅಂತ ರಾತ್ರಿ ಹನ್ನೊಂದಕ್ಕೆ ಸೇರಿಸಿದ್ದು.

37 ಜನ ಬರೆದರು. ಒಟ್ಟು ಅಂಕದ ಪ್ರಕಾರ ಜೋಡಿಸಿ ಮೇಲಿನ ಶೇ. 27 ಮತ್ತು ಕೆಳಗಿನ ಶೇ. 27 ತೆಗೆದುಕೊಂಡೆ, ಅಂದರೆ ಹತ್ತತ್ತು ಜನ. (ಈ 27 ಟ್ರೂಮನ್ ಕೆಲ್ಲಿ 1939ರಲ್ಲಿ ಲೆಕ್ಕ ಹಾಕಿ ಕೊಟ್ಟದ್ದು. ಗುಂಪುಗಳು ಸಾಕಷ್ಟು ದೊಡ್ಡದಿರಬೇಕು, ಸಾಕಷ್ಟು ದೂರವೂ ಇರಬೇಕು, ಅದರ ನಡುವಿನ ಹದ.) ಮೇಲಿನ ಗುಂಪಿನಲ್ಲಿ 4 ಜನ ಸರಿ, ಕೆಳಗಿನದರಲ್ಲಿ 5. ಕಠಿಣತೆಯ ಸೂಚ್ಯಂಕ ಅಂದರೆ ಸರಿ ಬರೆದವರ ಪಾಲು: 9/20, ಅಂದರೆ 0.45. ಹೆಸರೇ ಉಲ್ಟಾ, ಸಂಖ್ಯೆ ಹೆಚ್ಚಿದಷ್ಟೂ ಪ್ರಶ್ನೆ ಸುಲಭ! ಇರಲಿ. 0.45 ನೋಡಿ ಹದವಾಗಿದೆ ಅಂತ ಖುಷಿಪಟ್ಟೆ.

ಆಮೇಲೆ ಪ್ರಶ್ನೆ ಜಾಣರನ್ನು ಉಳಿದವರಿಂದ ಎಷ್ಟು ಬೇರ್ಪಡಿಸುತ್ತದೆ ಎಂದು ಹೇಳುವ ಭೇದಕ ಸೂಚ್ಯಂಕ: ಮೇಲಿನವರಲ್ಲಿ ಸರಿ ಬರೆದವರಿಂದ ಕೆಳಗಿನವರನ್ನು ಕಳೆದು ಒಂದು ಗುಂಪಿನ ಸಂಖ್ಯೆಯಿಂದ ಭಾಗಿಸಬೇಕು. (4 − 5)/10 = −0.1. ಸಾಮಾನ್ಯವಾಗಿ 0.3ರ ಮೇಲಿದ್ದರೆ ಇಟ್ಟುಕೊಳ್ಳುತ್ತೇವೆ, 0.2ಕ್ಕಿಂತ ಕೆಳಗಿದ್ದರೆ ತಿದ್ದುತ್ತೇವೆ ಇಲ್ಲವೇ ಬಿಸಾಡುತ್ತೇವೆ. ಹತ್ತೇ ಜನರ ಗುಂಪಿನಲ್ಲಿ ಒಬ್ಬರು ಆಚೀಚೆಯಾದರೂ 0.1 ಬದಲಾಗುತ್ತದೆ, ಹಾಗಾಗಿ ಋಣ ಚಿಹ್ನೆ ಕಂಡ ಕೂಡಲೇ ಗಾಬರಿಯಾಗಬೇಕಿಲ್ಲ. ಆದರೆ ಜಾಣರಲ್ಲಿ ಆರು ಜನ ಎಲ್ಲಿ ಹೋದರು ಅಂತಲಾದರೂ ನೋಡಬೇಕಲ್ಲ. ಆಯ್ಕೆವಾರು ಎಣಿಸಿದೆ. ಐವರು ‘ಈ’ಗೆ ಹೋಗಿದ್ದರು. ಕೆಳಗಿನ ಗುಂಪಿನಲ್ಲಿ ‘ಈ’ ಆರಿಸಿದವರು ಒಬ್ಬರೂ ಇಲ್ಲ.

ಮರುದಿನ ಒಬ್ಬಳನ್ನು ಕೇಳಿದೆ. "ಮೇಡಂ, ಮರುಪರೀಕ್ಷೆಯಲ್ಲಿ ನೆನಪು ಅಡ್ಡ ಬರುತ್ತೆ ಅಂತ ನೀವೇ ಹೇಳಿದ್ರಲ್ಲ, ಎರಡೇ ವಾರ ಬೇರೆ" ಅಂದಳು. ಅವಳು ಹೇಳಿದ್ದು ಸರಿ. ನನ್ನ ಸನ್ನಿವೇಶದಲ್ಲಿ ಆ ಸಾಧ್ಯತೆಯನ್ನು ತಳ್ಳಿಹಾಕುವ ಒಂದು ಮಾತೂ ಇರಲಿಲ್ಲ. ಪಾಠ ಚೆನ್ನಾಗಿ ಕೇಳಿದವರಿಗಷ್ಟೇ ಕಾಣುವ ಬಲೆಯನ್ನು ನಾನೇ ಹಾಕಿದ್ದೆ. ಆ ಪ್ರಶ್ನೆಗೆ ಎರಡೂ ಉತ್ತರಗಳಿಗೆ ಅಂಕ ಕೊಟ್ಟೆ.

ತಿದ್ದಿದ್ದು ಎರಡೇ ಕಡೆ. "ಅದೇ ಪತ್ರಿಕೆ" ಬದಲು "ಅದೇ ಮಟ್ಟದ ಬೇರೆ ಲೆಕ್ಕಗಳ ಪತ್ರಿಕೆ, ಅದೂ ಇಂಗ್ಲಿಷಿನಲ್ಲೇ" ಎಂದು ಬರೆದೆ. ‘ಈ’ ತೆಗೆದುಹಾಕಿದೆ, ಬದಲಿಗೆ ಏನನ್ನೂ ಹಾಕಲಿಲ್ಲ. ಒಳ್ಳೆಯ ಎರಡು ತಪ್ಪು ಆಯ್ಕೆಗಳಿದ್ದರೆ ಮೂರೇ ಸಾಕು ಎಂಬುದು ನನ್ನ ಅಭಿಪ್ರಾಯ. ಊಹೆಯಿಂದ ಸರಿ ಹೊಡೆಯುವ ಸಾಧ್ಯತೆ ನಾಲ್ಕರಲ್ಲೊಂದು ಇದ್ದದ್ದು ಮೂರರಲ್ಲೊಂದಾಗುತ್ತದೆ, ನಿಜ. ಆದರೆ ಯಾರೂ ಮುಟ್ಟದ ನಾಲ್ಕನೆಯದು ಇದ್ದರೂ ಲೆಕ್ಕ ಅಲ್ಲಿಗೇ ಬಂತು.

ಮುಂದಿನ ಬ್ಯಾಚಿನಲ್ಲಿ 40 ಜನ, ಗುಂಪಿಗೆ ಹನ್ನೊಂದು. ಮೇಲೆ 9 ಸರಿ, ಕೆಳಗೆ 4. ಕಠಿಣತೆ 0.59, ಭೇದಕ ಶಕ್ತಿ 0.45. ಬ್ಯಾಚೇ ಬೇರೆಯಾದ್ದರಿಂದ ಸುಧಾರಣೆಯೆಲ್ಲ ತಿದ್ದುಪಡಿಯದ್ದೇ ಅನ್ನಲಾರೆ. ಇನ್ನೊಂದು ಮಾತು: 0.45 ಬಂದ ಮಾತ್ರಕ್ಕೆ ಪ್ರಶ್ನೆ ತಿಳಿವಳಿಕೆಯನ್ನು ಅಳೆಯುತ್ತಿದೆ ಅಂತಲೂ ಅಲ್ಲ. ಉಳಿದ ಪ್ರಶ್ನೆಗಳೆಲ್ಲ ಬಾಯಿಪಾಠದವಾದರೆ, ಬಾಯಿಪಾಠ ಮಾಡಿದವರೇ ಮೇಲಿನ ಗುಂಪಿನಲ್ಲಿರುತ್ತಾರೆ. ಆಗ ಬಾಯಿಪಾಠದ ಪ್ರಶ್ನೆಗೂ ಭೇದಕ ಶಕ್ತಿ ಚೆನ್ನಾಗಿಯೇ ಬರುತ್ತದೆ.

ಈಗ ನನ್ನ ಕಣ್ಣು ಇರುವುದು ಕೆಳಗಿನ ಗುಂಪಿನ ಉಳಿದ ಏಳು ಜನರ ಮೇಲೆ. ಇಬ್ಬರು ‘ಇ’, ಐವರು ‘ಅ’. ಸ್ಥಿರವಾಗಿ ಬಂದದ್ದೆಲ್ಲ ಸರಿಯಾದದ್ದು ಎಂದು ನಂಬಿರುವ ಆ ಐವರಿಗೆ ಸೋಮವಾರ ತಕ್ಕಡಿ ಬಿಟ್ಟು ಬೇರೆ ಉದಾಹರಣೆ ಹುಡುಕಬೇಕು. ಯಾರ ಹತ್ತಿರವಾದರೂ ಇದ್ದರೆ ಹೇಳಿ.